ಯಾವ ಅಧ್ಯಾಯ ಮೊದಲು? ಮೇಷ್ಟ್ರಿಗೆ ಬರೆಯುವ ಇಮೇಲಿಗೆ ಏಳು ಸೂತ್ರಗಳು

ಸಂಜೆ ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಪರೀಕ್ಷೆ ಹತ್ತಿರವಾದಂತೆ ಬರುವ ಇಮೇಲುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಸರ್, ಹಗಲು ಕೆಲಸ, ಓದೋಕೆ ಟೈಮ್ ಸಿಗ್ತಿಲ್ಲ. ಸಾರಾಂಶ ಬರ್ಕೊಂಡು ಓದೋಣ ಅಂತಿದ್ದೀನಿ. ಯಾವ ಚಾಪ್ಟರ್ ಇಂಪಾರ್ಟೆಂಟ್ ಹೇಳಿ." ಬರೆದವರ ಕಷ್ಟ ನಿಜ. ಎಂಟು ಗಂಟೆ ದುಡಿದು, ಬಸ್ಸು ಹಿಡಿದು, ಊಟ ಬಿಟ್ಟು ತರಗತಿಗೆ ಬರುವವರು ಇಡೀ ಪುಸ್ತಕವನ್ನು ಸಾರಾಂಶ ಮಾಡುತ್ತಾ ಕೂರಲಾರರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುವುದು ಅವರ ಹಕ್ಕು.

ತೊಂದರೆ ಇರುವುದು ಪ್ರಶ್ನೆಯ ಆಕಾರದಲ್ಲಿ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯನ್ನು ಸಾಮಾನ್ಯವಾಗಿ ಬೇರೆ ಯಾರೋ ತಯಾರಿಸುತ್ತಾರೆ, ಪಾಠ ಮಾಡಿದವರಿಗೆ ಅದು ಗೊತ್ತಿರುವುದಿಲ್ಲ. ಹಾಗಾಗಿ "ಎಲ್ಲವೂ ಮುಖ್ಯ, ಚೆನ್ನಾಗಿ ಓದಿ" ಎಂಬ ಉತ್ತರ ಬರುತ್ತದೆ, ಅಥವಾ ಉತ್ತರವೇ ಬರುವುದಿಲ್ಲ. ಅದೇ ಅಧ್ಯಾಪಕರು ಹತ್ತು ನಿಮಿಷದಲ್ಲಿ ನಿಮ್ಮ ಇಪ್ಪತ್ತು ಗಂಟೆ ಉಳಿಸುವ ಉತ್ತರ ಕೊಡಬಲ್ಲರು, ಅವರಿಗೆ ಗೊತ್ತಿರುವುದನ್ನು ಕೇಳಿದರೆ.

ಹಾಗೆ ಕೇಳುವುದು ಹೇಗೆ ಎಂದು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಬೆಂಗಳೂರಿನ ಸಂಜೆ ಕಾಲೇಜೊಂದರ ಬಿ.ಕಾಂ. ವಿದ್ಯಾರ್ಥಿನಿ, ಹಗಲು ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ. ವಿಷಯ ವ್ಯವಹಾರ ಕಾನೂನು. ಪರೀಕ್ಷೆಗೆ ಎಂಟು ವಾರ ಇದೆ, ವಾರಕ್ಕೆ ಆರು ಗಂಟೆಗಿಂತ ಹೆಚ್ಚು ಸಿಗದು. ಒಟ್ಟು 48 ಗಂಟೆ.

1. ಇಮೇಲ್ ತೆರೆಯುವ ಮೊದಲು ಪಠ್ಯಕ್ರಮದ ಪ್ರತಿ ತೆರೆಯಿರಿ

ಅರ್ಧ ಉತ್ತರ ಅಲ್ಲೇ ಅಚ್ಚಾಗಿರುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ಪ್ರತಿ ಘಟಕದ ಎದುರು ಬೋಧನೆಯ ಗಂಟೆ ನಮೂದಾಗಿರುತ್ತದೆ. ವಿದ್ಯಾರ್ಥಿನಿಯ ಪ್ರತಿಯಲ್ಲಿ ಐದು ಘಟಕಗಳಿದ್ದವು: ಕರಾರು ಕಾಯ್ದೆಗೆ 16 ಗಂಟೆ, ಸರಕು ಮಾರಾಟ ಕಾಯ್ದೆಗೆ 12, ಗ್ರಾಹಕ ರಕ್ಷಣೆಗೆ 10, ಬೌದ್ಧಿಕ ಆಸ್ತಿಗೆ 10, ಪರಿಸರ ಮತ್ತು ಸೈಬರ್ ಕಾನೂನಿಗೆ 8. ಒಟ್ಟು 56. ಮೊದಲ ಎರಡು ಘಟಕಗಳೇ 28, ಅಂದರೆ ಸರಿಯಾಗಿ ಅರ್ಧ. ಪತ್ರಿಕೆ ತಯಾರಿಸುವವರ ಕೈಯಲ್ಲೂ ಇದೇ ಪ್ರತಿ ಇರುತ್ತದೆ, ಆದ್ದರಿಂದ ಅಂಕಗಳ ಹಂಚಿಕೆ ಈ ಗಂಟೆಗಳಿಂದ ತೀರಾ ದೂರ ಹೋಗುವುದು ಅಪರೂಪ.

ನಂತರ ಹಿಂದಿನ ಮೂರು ಪ್ರಶ್ನೆಪತ್ರಿಕೆ ಹಿಡಿದು ಕೂತುಕೊಳ್ಳಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಯಾವ ಘಟಕದ್ದು, ಎಷ್ಟು ಅಂಕದ್ದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ಗಂಟೆಯ ಕೆಲಸ. ಅಂಕದ ಜೊತೆ ಪ್ರಶ್ನೆಯ ಬಗೆಯನ್ನೂ ನೋಡಿ: ಒಂದು ಘಟಕದಿಂದ ಯಾವಾಗಲೂ ಎರಡು ಅಂಕದ ವ್ಯಾಖ್ಯೆಗಳೇ ಬರುತ್ತಿರಬಹುದು, ಇನ್ನೊಂದರಿಂದ ದೊಡ್ಡ ಪ್ರಬಂಧ ರೂಪದ ಪ್ರಶ್ನೆ ಬರುತ್ತಿರಬಹುದು. ಎರಡಕ್ಕೂ ಬೇಕಾದ ಸಾರಾಂಶ ಬೇರೆ.

ಇಲ್ಲೊಂದು ಎಚ್ಚರಿಕೆ ಬೇಕು. ಕರ್ನಾಟಕದ ಪದವಿ ಪಠ್ಯಕ್ರಮ ಈಚೆಗೆ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಮಾದರಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನಲ್ಲಿ ಇವೆಲ್ಲ ಬೆರೆತಿರುತ್ತವೆ. ಪತ್ರಿಕೆಯ ತಲೆಯ ಮೇಲೆ ಯಾವ ಯೋಜನೆಯ ಪರೀಕ್ಷೆ ಎಂದು ಅಚ್ಚಾಗಿರುತ್ತದೆ. ನಿಮ್ಮದಲ್ಲದ ಪತ್ರಿಕೆಯನ್ನು ಎಣಿಕೆಯಿಂದ ತೆಗೆದುಬಿಡಿ.

2. ನಿಮ್ಮ ಆದ್ಯತೆಯ ಪಟ್ಟಿ ನೀವೇ ಬರೆಯಿರಿ, ತಿದ್ದಲು ಕೇಳಿ

ಖಾಲಿ ಹಾಳೆಯ ಮೇಲೆ ಪಟ್ಟಿ ಬರೆದುಕೊಡಿ ಎಂದರೆ ಅಧ್ಯಾಪಕರು ಯೋಚಿಸಬೇಕು, ಹೊಣೆ ಹೊರಬೇಕು, ನಾಳೆ "ಸರ್ ಹೇಳಿದ್ದು ಬರಲಿಲ್ಲ" ಎಂಬ ಮಾತನ್ನೂ ಕೇಳಬೇಕು. ನಿಮ್ಮ ಪಟ್ಟಿ ಕಣ್ಣೆದುರು ಇದ್ದರೆ, ತಪ್ಪಿರುವ ಜಾಗ ಅವರಿಗೆ ಕೂಡಲೇ ಕಾಣುತ್ತದೆ. ನನಗೆ ಬಂದ ಇಮೇಲುಗಳಲ್ಲಿ ಪಟ್ಟಿ ಇದ್ದವಕ್ಕೆ ಅದೇ ರಾತ್ರಿ ಉತ್ತರ ಬರೆದಿದ್ದೇನೆ. ಬರೆಯಲು ಸುಲಭ ಎಂಬುದೇ ಕಾರಣ.

ಪಟ್ಟಿಯ ಜೊತೆ ಒಂದೊಂದಕ್ಕೂ ಅರ್ಧ ಸಾಲಿನ ಕಾರಣ ಇರಲಿ. ನೀವು ತಪ್ಪು ಕಾರಣಕ್ಕೆ ಸರಿಯಾದ ಅಧ್ಯಾಯ ಆರಿಸಿದ್ದರೂ ಅವರು ತಿದ್ದಬಲ್ಲರು.

3. "ಇದು ಬರುತ್ತದಾ?" ಬೇಡ, "ಇದರ ಮೇಲೆ ಯಾವುದು ನಿಂತಿದೆ?" ಎಂದು ಕೇಳಿ

ಏಳರಲ್ಲಿ ಒಂದನ್ನೇ ನೆನಪಿಡಬೇಕಾದರೆ ಇದನ್ನು ನೆನಪಿಡಿ. ಪಾಠ ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಅಧ್ಯಾಯಗಳ ನಡುವಿನ ಸಂಬಂಧ. ಪುಸ್ತಕದ ಪರಿವಿಡಿಯಲ್ಲಿ ಎಲ್ಲ ಅಧ್ಯಾಯಗಳೂ ಸಾಲಾಗಿ ಸಮಾನವಾಗಿ ಕಾಣುತ್ತವೆ. ನಿಜದಲ್ಲಿ ಕೆಲವು ಅಧ್ಯಾಯಗಳು ಉಳಿದವನ್ನು ಹೊತ್ತಿರುತ್ತವೆ.

ವ್ಯವಹಾರ ಕಾನೂನನ್ನೇ ನೋಡಿ. ಭಾರತೀಯ ಕರಾರು ಕಾಯ್ದೆ ಬಂದದ್ದು 1872ರಲ್ಲಿ. ಅದರ ಈಗಿನ ಪ್ರತಿಯನ್ನು ತೆರೆದರೆ ಸೆಕ್ಷನ್ 75 ಆದ ಮೇಲೆ ನೇರ 124ಕ್ಕೆ ಜಿಗಿಯುತ್ತದೆ. ನಡುವಿನ 76ರಿಂದ 123ರವರೆಗಿನ ಸೆಕ್ಷನ್‌ಗಳು ಸರಕು ಮಾರಾಟದ ಬಗ್ಗೆ ಇದ್ದವು. 1930ರಲ್ಲಿ ಅವನ್ನು ತೆಗೆದು ಸರಕು ಮಾರಾಟ ಕಾಯ್ದೆ ಎಂದು ಬೇರೆ ಮಾಡಿದರು. 1932ರಲ್ಲಿ ಪಾಲುದಾರಿಕೆಯ ಭಾಗವೂ ಹಾಗೇ ಬೇರೆಯಾಯಿತು. ಬೇರೆಯಾದರೂ ನಂಟು ಕಡಿಯಲಿಲ್ಲ. ಸರಕು ಮಾರಾಟ ಕಾಯ್ದೆಯ 3ನೇ ಸೆಕ್ಷನ್, ತನ್ನಲ್ಲಿ ಬೇರೆ ಹೇಳದ ಕಡೆ ಕರಾರು ಕಾಯ್ದೆಯೇ ಅನ್ವಯವಾಗುತ್ತದೆ ಎನ್ನುತ್ತದೆ. ಅಂದಮೇಲೆ ಎರಡನೇ ಘಟಕದ ಸಾರಾಂಶ ಮೊದಲು ಬರೆದವರು ಮುಕ್ತ ಸಮ್ಮತಿ ಎಂದರೇನು, ಪ್ರತಿಫಲ ಎಂದರೇನು ಎಂದು ಮತ್ತೆ ಮತ್ತೆ ಹಿಂದಕ್ಕೆ ಪುಟ ಮಗುಚುತ್ತಿರಬೇಕಾಗುತ್ತದೆ.

ಮೊದಲ ಘಟಕದ ಒಳಗೂ ಇದೇ ಲೆಕ್ಕ. 10ನೇ ಸೆಕ್ಷನ್ ಒಂದು ಒಪ್ಪಂದ ಕರಾರಾಗಲು ಏನೇನು ಬೇಕು ಎಂದು ಹೇಳುತ್ತದೆ: ಮುಕ್ತ ಸಮ್ಮತಿ, ಕರಾರು ಮಾಡುವ ಸಾಮರ್ಥ್ಯವಿರುವ ಪಕ್ಷಗಳು, ನ್ಯಾಯಬದ್ಧ ಪ್ರತಿಫಲ, ನ್ಯಾಯಬದ್ಧ ಉದ್ದೇಶ, ಜೊತೆಗೆ ಕಾಯ್ದೆಯೇ ಶೂನ್ಯ ಎಂದು ಸಾರಿರಬಾರದು. ಮುಂದಿನ ಅಧ್ಯಾಯಗಳು ಈ ಒಂದೇ ವಾಕ್ಯದ ತುಂಡುಗಳು. ಸಾಮರ್ಥ್ಯಕ್ಕೆ ಸೆಕ್ಷನ್ 11, ಮುಕ್ತ ಸಮ್ಮತಿಗೆ 13ರಿಂದ ಮುಂದಿನವು, ಉದ್ದೇಶಕ್ಕೆ 23. ಆದ್ದರಿಂದ 10ನೇ ಸೆಕ್ಷನ್‌ನ ಅರ್ಧ ಪುಟದ ಸಾರಾಂಶ ಇಡೀ ಘಟಕದ ನಕ್ಷೆಯಾಗುತ್ತದೆ.

ನಮ್ಮ ವಿದ್ಯಾರ್ಥಿನಿ ಮುಕ್ತ ಸಮ್ಮತಿಯನ್ನು ಪಟ್ಟಿಯ ಕೊನೆಗೆ ತಳ್ಳಿದ್ದರು. ಹಿಂದಿನ ಪತ್ರಿಕೆಗಳಲ್ಲಿ ಅದರ ಮೇಲೆ ದೊಡ್ಡ ಪ್ರಶ್ನೆ ಬಂದಿರಲಿಲ್ಲ ಎಂಬುದು ಅವರ ಕಾರಣ. ನಾನು ಅದನ್ನು ಮೂರನೇ ಜಾಗಕ್ಕೆ ಎತ್ತಿದೆ. ಬೆದರಿಸಿ ಸಹಿ ಹಾಕಿಸಿಕೊಂಡ ಕರಾರನ್ನು ಬೆದರಿಕೆಗೆ ಒಳಗಾದವರು ರದ್ದುಪಡಿಸಬಹುದು, ಅಲ್ಲಿಯವರೆಗೆ ಅದು ಜೀವಂತ. ಅಪ್ರಾಪ್ತನ ಜೊತೆ ಮಾಡಿಕೊಂಡದ್ದು ಮೊದಲಿನಿಂದಲೇ ಶೂನ್ಯ. ಈ ವ್ಯತ್ಯಾಸ ಸ್ಪಷ್ಟವಾಗುವುದು ಮುಕ್ತ ಸಮ್ಮತಿಯ ಅಧ್ಯಾಯದಲ್ಲಿ. ಅದರ ಹೆಸರಲ್ಲಿ ಪ್ರಶ್ನೆ ಬರದಿದ್ದರೂ, ಬೇರೆ ಹತ್ತು ಪ್ರಶ್ನೆಗಳ ಉತ್ತರದಲ್ಲಿ ಅದರ ಕೆಲಸ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳ ಎಣಿಕೆ ಇದನ್ನು ತೋರಿಸಲಾರದು.

4. ಕೆಲಸವನ್ನು ಕಾರಣವಾಗಿ ಹೇಳಬೇಡಿ, ಮಾಹಿತಿಯಾಗಿ ಹೇಳಿ

"ಕೆಲಸದ ಒತ್ತಡ" ಎಂಬ ಎರಡು ಪದದಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. "ಸ್ಟೋರ್ಸ್‌ನಲ್ಲಿ ಬಂದ ಮಾಲನ್ನು ಪರಿಶೀಲಿಸಿ, ಸರಿ ಇಲ್ಲದ್ದನ್ನು ವಾಪಸ್ ಕಳಿಸುವ ಕೆಲಸ ನನ್ನದು" ಎಂಬ ಒಂದು ಸಾಲಿನಿಂದ ತುಂಬ ತಿಳಿಯುತ್ತದೆ. ಮಾಲು ಪರಿಶೀಲಿಸಲು ಕೊಳ್ಳುವವರಿಗಿರುವ ಹಕ್ಕು ಸರಕು ಮಾರಾಟ ಕಾಯ್ದೆಯ 41ನೇ ಸೆಕ್ಷನ್. ಯಾವ ದೋಷಕ್ಕೆ ಇಡೀ ಮಾಲನ್ನು ತಿರಸ್ಕರಿಸಬಹುದು, ಯಾವುದಕ್ಕೆ ಪರಿಹಾರ ಮಾತ್ರ ಕೇಳಬಹುದು ಎಂಬುದು 12ನೇ ಸೆಕ್ಷನ್‌ನ ಕಂಡಿಷನ್ ಮತ್ತು ವಾರಂಟಿ. ಈ ವಿದ್ಯಾರ್ಥಿನಿ ದಿನವೂ ಕೈಯಲ್ಲಿ ಮಾಡುವುದನ್ನೇ ಆ ಘಟಕ ಕಾಯ್ದೆಯ ಮಾತಲ್ಲಿ ಹೇಳುತ್ತದೆ. ಅವರಿಗೆ ಅಲ್ಲಿ ಉದ್ದ ಸಾರಾಂಶ ಬೇಡ. ಸೆಕ್ಷನ್ ನಂಬರು, ಪಾರಿಭಾಷಿಕ ಪದ, ತಮ್ಮದೇ ಕೆಲಸದ ಒಂದು ಉದಾಹರಣೆ ಸಾಕು. 12 ಗಂಟೆಯ ಘಟಕಕ್ಕೆ ಅವರು 9 ಗಂಟೆ ಇಟ್ಟುಕೊಂಡರೆ ನಡೆಯುತ್ತದೆ ಎಂದು ನಾನು ಧೈರ್ಯವಾಗಿ ಬರೆಯಲು ಆ ಒಂದು ಸಾಲೇ ಕಾರಣ. ಬ್ಯಾಂಕಿನಲ್ಲೋ ಆಸ್ಪತ್ರೆಯ ಬಿಲ್ಲಿಂಗ್‌ನಲ್ಲೋ ಇರುವವರಿಗೆ ಇದೇ ಸಲಹೆ ಹೊಂದುವುದಿಲ್ಲ.

5. ಯಾವುದನ್ನು ಸಾರಾಂಶ ಮಾಡಬಾರದು ಎಂದೂ ಕೇಳಿ

ಸಾರಾಂಶದಲ್ಲಿ ನಿಲ್ಲದ ಅಧ್ಯಾಯಗಳು ಇರುತ್ತವೆ. ವೆಚ್ಚ ಲೆಕ್ಕಶಾಸ್ತ್ರದ ಲೆಕ್ಕಗಳ ಅಧ್ಯಾಯವನ್ನು ಎರಡು ಪುಟಕ್ಕೆ ಇಳಿಸಿದರೆ ಉಳಿಯುವುದು ತಲೆಬರಹ ಮಾತ್ರ. ಅಲ್ಲಿ ಲೆಕ್ಕ ಬಿಡಿಸಬೇಕು. ಕಾನೂನಿನಲ್ಲೂ ಸನ್ನಿವೇಶ ಕೊಟ್ಟು ತೀರ್ಮಾನ ಕೇಳುವ ಪ್ರಶ್ನೆಗಳಿಗೆ ಬಿಡಿಸಿಯೇ ರೂಢಿಯಾಗಬೇಕು. ಇಮೇಲಿನಲ್ಲಿ ಇದಕ್ಕೊಂದು ಸಾಲು ಇಡಿ.

ಅದರ ಜೊತೆಗೇ ಕೇಳಬೇಕಾದ್ದು: ನನ್ನ ಪುಸ್ತಕ ಹಳೆಯದಾಗಿದೆಯೇ? ಕೆಲಸ ಮಾಡುತ್ತಾ ಓದುವವರು ಅಣ್ಣಂದಿರ, ಸಹೋದ್ಯೋಗಿಗಳ ಹಳೆಯ ಪುಸ್ತಕ ಓದುವುದು ಸಾಮಾನ್ಯ. ಕರಾರು ಕಾಯ್ದೆಯ ಮಟ್ಟಿಗೆ ಅಡ್ಡಿಯಿಲ್ಲ. ಗ್ರಾಹಕ ರಕ್ಷಣೆಯಲ್ಲಿ ಮಾತ್ರ ಹಳೆಯ ಪುಸ್ತಕ ನೇರವಾಗಿ ತಪ್ಪು ಉತ್ತರ ಬರೆಸುತ್ತದೆ. 1986ರ ಕಾಯ್ದೆಯ ಜಾಗದಲ್ಲಿ 2019ರ ಕಾಯ್ದೆ ಬಂದು, 2020ರ ಜುಲೈಯಲ್ಲಿ ಜಾರಿಯಾಯಿತು. ಹಳೆಯ ಪುಸ್ತಕದಲ್ಲಿ ಜಿಲ್ಲಾ ಮಟ್ಟದ ಮಿತಿ 20 ಲಕ್ಷ ರೂಪಾಯಿ ಎಂದಿರುತ್ತದೆ. ಹೊಸ ಕಾಯ್ದೆ ಅದನ್ನು 1 ಕೋಟಿ ಮಾಡಿತು, 2021ರ ಡಿಸೆಂಬರಿನ ನಿಯಮಗಳು 50 ಲಕ್ಷಕ್ಕೆ ಇಳಿಸಿದವು. 50 ಲಕ್ಷದಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಮಿತಿ ಎಣಿಸುವ ರೀತಿಯೂ ಬದಲಾಗಿದೆ: ಈಗ ಲೆಕ್ಕಕ್ಕೆ ಬರುವುದು ಗ್ರಾಹಕರು ಕೊಟ್ಟ ಹಣ; ಹಿಂದೆ ಕೇಳಿದ ಪರಿಹಾರವನ್ನೂ ಅದಕ್ಕೆ ಸೇರಿಸುತ್ತಿದ್ದರು. ನಿಮ್ಮ ಪುಸ್ತಕ ಹಳೆಯದೋ ಎಂದು ತಿಳಿಯಲು ಸುಲಭ ದಾರಿ ಇದೆ. ಜಿಲ್ಲಾ 'ವೇದಿಕೆ' ಎಂದಿದ್ದರೆ ಹಳೆಯದು, ಜಿಲ್ಲಾ 'ಆಯೋಗ' ಎಂದಿದ್ದರೆ ಹೊಸದು. 2020 ಮತ್ತು 2021ರ ನಡುವೆ ಅಚ್ಚಾದ ಪುಸ್ತಕದಲ್ಲಿ ಆಯೋಗ ಎಂದೇ ಇದ್ದು ಮಿತಿ 1 ಕೋಟಿ ಎಂದಿರುತ್ತದೆ, ಅದನ್ನೂ ನೋಡಿಕೊಳ್ಳಿ.

6. ಇಮೇಲ್ ಒಂದು ಪರದೆಯಲ್ಲಿ ಮುಗಿಯಲಿ

ನಿಮ್ಮ ಅಧ್ಯಾಪಕರು ಅದನ್ನು ಫೋನಿನಲ್ಲಿ ಓದುತ್ತಾರೆ, ಬಹುಶಃ ಬಸ್ಸಿನಲ್ಲಿ. ವಿಷಯದ ಸಾಲಿನಲ್ಲೇ ಪತ್ರಿಕೆಯ ಹೆಸರು, ವಿಭಾಗ, ಎಷ್ಟು ಪ್ರಶ್ನೆ ಎಂಬುದಿರಲಿ. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷಿನಲ್ಲಿ ಬರೆದರೂ ಸರಿ, ಯಾವುದರಲ್ಲಿ ನಿಮ್ಮ ಮಾತು ನೇರವಾಗಿ ಬರುತ್ತದೋ ಅದರಲ್ಲಿ ಬರೆಯಿರಿ. ವಿದ್ಯಾರ್ಥಿನಿ ಕೊನೆಗೆ ಕಳಿಸಿದ ಇಮೇಲ್ ಹೀಗಿತ್ತು, ಗುರುತಿನ ವಿವರ ಮಾತ್ರ ತೆಗೆದಿದ್ದೇನೆ:

> ವಿಷಯ: ವ್ಯವಹಾರ ಕಾನೂನು, ಬಿ.ಕಾಂ. ಸಂಜೆ ವಿಭಾಗ: ಸಾರಾಂಶದ ಕ್ರಮದ ಬಗ್ಗೆ 3 ಪ್ರಶ್ನೆ
>
> ಸರ್, ನಮಸ್ಕಾರ.
>
> ನಾನು ನಿಮ್ಮ ಸಂಜೆ ತರಗತಿಯ ವಿದ್ಯಾರ್ಥಿನಿ. ಪರೀಕ್ಷೆಗೆ 8 ವಾರ ಇದೆ, ನನಗೆ ವಾರಕ್ಕೆ 6 ಗಂಟೆ ಸಿಗುತ್ತದೆ. ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಬಂದ ಮಾಲು ಪರಿಶೀಲಿಸಿ ತೆಗೆದುಕೊಳ್ಳುವುದು ನನ್ನ ಕೆಲಸ.
>
> ಪಠ್ಯಕ್ರಮದ ಗಂಟೆ ಮತ್ತು ನಮ್ಮ ಯೋಜನೆಯ ಹಿಂದಿನ ಪತ್ರಿಕೆಗಳನ್ನು ನೋಡಿ ಈ ಕ್ರಮದಲ್ಲಿ ಸಾರಾಂಶ ಬರೆಯಬೇಕೆಂದಿದ್ದೇನೆ: (1) ಪ್ರಸ್ತಾವ, ಅಂಗೀಕಾರ, ಪ್ರತಿಫಲ (2) ಸರಕು ಮಾರಾಟ (3) ಸಾಮರ್ಥ್ಯ (4) ಕರಾರು ಭಂಗ, ಪರಿಹಾರ (5) ಗ್ರಾಹಕ ರಕ್ಷಣೆ (6) ಬೌದ್ಧಿಕ ಆಸ್ತಿ, ಸೈಬರ್, ಪರಿಸರ (7) ಮುಕ್ತ ಸಮ್ಮತಿ.
>
> ನನ್ನ ಪ್ರಶ್ನೆಗಳು:
> 1. ಇದರಲ್ಲಿ ಯಾವುದನ್ನಾದರೂ ಮೊದಲು ಓದದಿದ್ದರೆ ಬೇರೆಯದು ಅರ್ಥವಾಗುವುದಿಲ್ಲವೇ? ಹಾಗಿದ್ದರೆ ಕ್ರಮ ತಿದ್ದಿ.
> 2. ಯಾವುದಕ್ಕೆ ಸಾರಾಂಶ ಸಾಲದು, ಸಮಸ್ಯೆ ಬಿಡಿಸಬೇಕು?
> 3. ನನ್ನ ಪುಸ್ತಕ 2017ರದು. ಯಾವ ಅಧ್ಯಾಯಕ್ಕೆ ಬೇರೆ ಪುಸ್ತಕ ನೋಡಬೇಕು?
>
> ಪ್ರತಿಫಲದ ಬಗ್ಗೆ ಬರೆದ ಒಂದು ಪುಟದ ಸಾರಾಂಶ ಲಗತ್ತಿಸಿದ್ದೇನೆ. ಭಾನುವಾರ ಓದಲು ಶುರು ಮಾಡುತ್ತೇನೆ, ಅಷ್ಟರೊಳಗೆ ಎರಡು ಸಾಲು ಬರೆದರೂ ಸಾಕು ಸರ್.

ಇದರಲ್ಲಿ ತುಂಬ ಕೆಲಸ ಮಾಡಿದ್ದು ಲಗತ್ತಿಸಿದ ಆ ಒಂದು ಪುಟ. ಪಟ್ಟಿ ಸರಿ ಇದ್ದೂ ಸಾರಾಂಶವೇ ದುರ್ಬಲವಾಗಿದ್ದರೆ 48 ಗಂಟೆ ವ್ಯರ್ಥ. ಪುಟ ನೋಡಿದ ಕೂಡಲೇ ಕೊರತೆ ಕಂಡಿತು. "ಪ್ರತಿಫಲವಿಲ್ಲದ ಒಪ್ಪಂದ ಶೂನ್ಯ" ಎಂದು ಬರೆದು ಅಲ್ಲಿಗೆ ನಿಲ್ಲಿಸಿದ್ದರು. 25ನೇ ಸೆಕ್ಷನ್ ಅದನ್ನು ಹೇಳಿ, ಮೂರು ವಿನಾಯಿತಿಗಳನ್ನೂ ಕೊಡುತ್ತದೆ: ಹತ್ತಿರದ ಸಂಬಂಧಿಗಳ ನಡುವೆ ಪ್ರೀತಿಯಿಂದ ಬರೆದು ನೋಂದಾಯಿಸಿದ ವಾಗ್ದಾನ, ಹಿಂದೆ ತಾವಾಗಿ ಮಾಡಿದ ಉಪಕಾರಕ್ಕೆ ಕೊಡುತ್ತೇನೆಂದ ಪರಿಹಾರ, ಕಾಲಮಿತಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿದ ಮಾತು. ಪ್ರಶ್ನೆಗಳು ಹುಟ್ಟುವುದು ಈ ವಿನಾಯಿತಿಗಳಲ್ಲೇ. ಕಾನೂನಿನ ಸಾರಾಂಶದಲ್ಲಿ "ಆದರೆ" ಎಂಬ ಪದ ಎಲ್ಲೂ ಕಾಣದಿದ್ದರೆ ಅದು ತಲೆಬರಹಗಳ ನಕಲು ಎಂದೇ ತಿಳಿಯಬೇಕು.

ಸಮಯದ ವಿಚಾರ ಚಿಕ್ಕದು. ಪರೀಕ್ಷೆಯ ಹಿಂದಿನ ವಾರ ಕಳಿಸಬೇಡಿ, ಆಗ ಕ್ರಮ ತಿದ್ದಿಯೂ ಪ್ರಯೋಜನವಿಲ್ಲ. ಉತ್ತರ ಬರದಿದ್ದರೆ ಒಂದು ವಾರದ ನಂತರ ಅದೇ ಇಮೇಲಿಗೆ ಒಂದು ಸಾಲಿನ ನೆನಪೋಲೆ ಬರೆಯಿರಿ, ಇಲ್ಲವೇ ಪಟ್ಟಿಯನ್ನು ಕಾಗದದಲ್ಲಿ ಬರೆದು ತರಗತಿ ಮುಗಿದ ಮೇಲೆ ಕೈಗೆ ಕೊಡಿ.

7. ಬಂದ ಉತ್ತರವನ್ನು ಗಂಟೆಗಳಾಗಿ ಬದಲಿಸಿ

ನನ್ನ ಉತ್ತರ ಆರು ಸಾಲಿನದು. "ನಿಮ್ಮ ಪಟ್ಟಿಯ ಮೊದಲನೆಯದಕ್ಕೂ ಮುಂಚೆ ಸೆಕ್ಷನ್ 10ಕ್ಕೆ ಅರ್ಧ ಪುಟ ಬರೆಯಿರಿ. ಪ್ರಸ್ತಾವ, ಪ್ರತಿಫಲ ಆದ ಮೇಲೆ ಸಾಮರ್ಥ್ಯ, ಮುಕ್ತ ಸಮ್ಮತಿ ಬರಲಿ, ಸರಕು ಮಾರಾಟವನ್ನು ಕರಾರು ಭಂಗದ ನಂತರ ಇಡಿ. ಸಾಮರ್ಥ್ಯ ಮತ್ತು ಪರಿಹಾರಕ್ಕೆ ಸಾರಾಂಶ ಸಾಲದು, ಸಮಸ್ಯೆ ಬಿಡಿಸಿ. ಗ್ರಾಹಕ ರಕ್ಷಣೆಗೆ ಗ್ರಂಥಾಲಯದ ಹೊಸ ಆವೃತ್ತಿ ನೋಡಿ. ಕೊನೆಯ ಎರಡು ಘಟಕಕ್ಕೆ ವ್ಯಾಖ್ಯೆಗಳ ಪಟ್ಟಿ ಸಾಕು. ಪ್ರತಿ ಪುಟದಲ್ಲೂ ವಿನಾಯಿತಿ ಇರಲಿ."

ವಿದ್ಯಾರ್ಥಿನಿ ಅದನ್ನು ಹೀಗೆ ಹಂಚಿಕೊಂಡರು: ಕರಾರು ಕಾಯ್ದೆಗೆ 16 ಗಂಟೆ, ಸರಕು ಮಾರಾಟಕ್ಕೆ 9, ಗ್ರಾಹಕ ರಕ್ಷಣೆಗೆ 5, ಕೊನೆಯ ಎರಡಕ್ಕೂ ಸೇರಿ 6. ಒಟ್ಟು 36. ಉಳಿದ 12 ಗಂಟೆ ಪೂರ್ತಿ ಸಮಸ್ಯೆ ಬಿಡಿಸಲು. ಈ 12ನ್ನು ಕೊನೆಗೆ ಸಮಯ ಉಳಿದರೆ ಎಂದು ಬಿಡದೆ ಪ್ರತಿ ವಾರ ಒಂದೂವರೆ ಗಂಟೆಯಾಗಿ ಇಟ್ಟುಕೊಂಡದ್ದು ಒಳ್ಳೆಯ ನಿರ್ಧಾರ. ಸಾರಾಂಶ ಬರೆಯುವ ಕೆಲಸಕ್ಕೆ ತಾನೇ ಬೆಳೆಯುವ ಸ್ವಭಾವವಿದೆ, ಬಿಟ್ಟರೆ ಎಲ್ಲ ಗಂಟೆಗಳನ್ನೂ ಅದೇ ತಿನ್ನುತ್ತದೆ.

ಸಾಮರ್ಥ್ಯದ ಅಧ್ಯಾಯಕ್ಕೆ ಅವರು ಬರೆದ ಒಂದು ಪುಟ ಹೇಗಿತ್ತು ಎಂದು ಹೇಳಿದರೆ ಅಳತೆ ಸಿಗುತ್ತದೆ. ಮೇಲೆ ನಿಯಮ: ಸೆಕ್ಷನ್ 11ರ ಪ್ರಕಾರ ಪ್ರಾಪ್ತ ವಯಸ್ಸು, ಸ್ವಸ್ಥ ಮನಸ್ಸು, ಬೇರೆ ಕಾನೂನಿನ ನಿಷೇಧ ಇಲ್ಲದಿರುವುದು. ಅದರ ಕೆಳಗೆ ಒಂದು ಪ್ರಕರಣ: ಮೊಹೊರಿ ಬೀಬಿ ವಿರುದ್ಧ ಧರ್ಮೋದಾಸ್ ಘೋಷ್, ಪ್ರಿವಿ ಕೌನ್ಸಿಲ್, 1903. ಅಪ್ರಾಪ್ತನೊಬ್ಬ ಕಲ್ಕತ್ತೆಯ ಲೇವಾದೇವಿಗಾರನಿಗೆ ಆಸ್ತಿಯನ್ನು ಅಡಮಾನ ಬರೆದುಕೊಟ್ಟ. ಅವನು ಅಪ್ರಾಪ್ತ ಎಂದು ಸಾಲ ಕೊಟ್ಟವರ ವಕೀಲರಿಗೆ ಗೊತ್ತಿತ್ತು. ಅಡಮಾನ ಶೂನ್ಯ ಎಂದು ತೀರ್ಪಾಯಿತು, ಕೊಟ್ಟ ಹಣವೂ ವಾಪಸ್ ಬರಲಿಲ್ಲ. ಅದರ ಕೆಳಗೆ "ಆದರೆ" ಎಂದು ಎರಡು ಸಾಲು: ಜೀವನಾವಶ್ಯಕ ವಸ್ತು ಒದಗಿಸಿದವರು ಸೆಕ್ಷನ್ 68ರ ಪ್ರಕಾರ ಅಪ್ರಾಪ್ತನ ಆಸ್ತಿಯಿಂದ ಹಣ ಪಡೆಯಬಹುದು, ಕರಾರಿನ ಲಾಭವನ್ನು ಅಪ್ರಾಪ್ತ ಪಡೆಯಬಹುದು, ಹೊಣೆ ಅವನ ಮೇಲೆ ಬೀಳದು. ಇಷ್ಟೇ. ಪುಟದ ಕಾಲು ಭಾಗ ಖಾಲಿ, ಸಮಸ್ಯೆ ಬಿಡಿಸುವಾಗ ಸಿಕ್ಕ ಹೊಸ ಸಂಗತಿ ಬರೆಯಲು.

ಆಮೇಲೆ ಪುಟ ಮುಚ್ಚಿಟ್ಟು ಒಂದು ಸಮಸ್ಯೆ. 17 ವರ್ಷದ ಹುಡುಗ ತನಗೆ 19 ಎಂದು ಸುಳ್ಳು ಹೇಳಿ ಕಂತಿನಲ್ಲಿ ಬೈಕು ಕೊಂಡ, ಕಂತು ಕಟ್ಟಲಿಲ್ಲ. ಮಾರಿದವರು ಏನು ಮಾಡಬಹುದು? ಒಪ್ಪಂದ ಶೂನ್ಯ, ಆದ್ದರಿಂದ ಕಂತಿಗಾಗಿ ಅದರ ಆಧಾರದಲ್ಲಿ ದಾವೆ ಹೂಡಲಾಗದು ಎಂದು ವಿದ್ಯಾರ್ಥಿನಿ ಸರಿಯಾಗಿ ಬರೆದರು. ಸುಳ್ಳು ಹೇಳಿದ್ದರಿಂದ ಹುಡುಗ ಸಿಕ್ಕಿಬೀಳುತ್ತಾನೆ ಎಂದೂ ಬರೆದರು, ಅದು ತಪ್ಪು. ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದರೂ ತಾನು ಅಪ್ರಾಪ್ತ ಎಂಬ ವಾದ ಅವನಿಗೆ ಉಳಿಯುತ್ತದೆ. ಆದರೆ ಪಡೆದ ಲಾಭ ಅವನ ಬಳಿ ಇರುವ ಮಟ್ಟಿಗೆ, ಅಂದರೆ ಇಲ್ಲಿ ಬೈಕನ್ನು ಹಿಂದಿರುಗಿಸು ಎಂದು ನ್ಯಾಯಾಲಯ ಹೇಳಬಹುದು. ಅದಕ್ಕೆ ಆಧಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಸೆಕ್ಷನ್. ಪುಟದ ಖಾಲಿ ಜಾಗಕ್ಕೆ ಈ ಎರಡು ಸಾಲು ಹೋದವು. ಸಮಸ್ಯೆ ಬಿಡಿಸದಿದ್ದರೆ ಅವು ಸಾರಾಂಶಕ್ಕೆ ಬರುತ್ತಲೇ ಇರಲಿಲ್ಲ.

ಪರಿಹಾರದ ಅಧ್ಯಾಯಕ್ಕೂ ಹೀಗೇ. ಸೆಕ್ಷನ್ 73ರ ಪಕ್ಕ ಹ್ಯಾಡ್ಲಿ ವಿರುದ್ಧ ಬಾಕ್ಸೆಂಡೇಲ್ ಎಂಬ 1854ರ ಇಂಗ್ಲಿಷ್ ಪ್ರಕರಣ ಬರೆದುಕೊಳ್ಳಬೇಕು. ಹಿಟ್ಟಿನ ಗಿರಣಿಯ ಕ್ರ್ಯಾಂಕ್ ಶಾಫ್ಟ್ ಮುರಿದು, ಅದನ್ನು ಸಾಗಿಸಬೇಕಿದ್ದವರು ತಡ ಮಾಡಿದರು. ಗಿರಣಿ ನಿಂತಿದ್ದಕ್ಕೆ ತಪ್ಪಿದ ಲಾಭವನ್ನು ಅವರಿಂದ ವಸೂಲು ಮಾಡಬಹುದೇ ಎಂಬುದು ಪ್ರಶ್ನೆ. ಶಾಫ್ಟ್ ಇಲ್ಲದೆ ಗಿರಣಿ ನಿಲ್ಲುತ್ತದೆ ಎಂದು ಕರಾರಿನ ಹೊತ್ತಿಗೆ ಸಾಗಣೆದಾರರಿಗೆ ಗೊತ್ತಿರಲಿಲ್ಲ, ಆದ್ದರಿಂದ ಆಗದು ಎಂದಾಯಿತು. ಸ್ಟೋರ್ಸ್‌ನಲ್ಲಿ ಬಿಡಿಭಾಗ ತಡವಾಗಿ ಬಂದು ಯಂತ್ರ ನಿಂತದ್ದನ್ನು ಕಂಡವರಿಗೆ ಈ ಪ್ರಕರಣ ಒಮ್ಮೆ ಓದಿದರೆ ಸಾಕು.

ಎರಡನೇ ಇಮೇಲ್ ಬರೆಯುವುದಾದರೆ ಅದು ಸಾರಾಂಶದಲ್ಲಿ ಸಿಕ್ಕಿದ ಒಂದೇ ಗಂಟಿನ ಬಗ್ಗೆ ಇರಲಿ. ನಮ್ಮ ವಿದ್ಯಾರ್ಥಿನಿ ನಾಲ್ಕನೇ ವಾರ ಕಳಿಸಿದ್ದು ಎರಡೇ ಸಾಲು: "ಸರ್, ಕಾಲಮಿತಿ ಮೀರಿದ ಸಾಲ ತೀರಿಸುತ್ತೇನೆ ಅಂತ ಬಾಯಲ್ಲಿ ಹೇಳಿದರೆ ಸೆಕ್ಷನ್ 25 ಅನ್ವಯವಾಗುತ್ತದಾ? ಪುಸ್ತಕದಲ್ಲಿ ಸ್ಪಷ್ಟ ಇಲ್ಲ." ಬಾಯಿಮಾತು ಸಾಲದು, ಬರಹದಲ್ಲಿರಬೇಕು, ಸಾಲಗಾರರ ಅಥವಾ ಅವರು ಅಧಿಕಾರ ಕೊಟ್ಟವರ ಸಹಿ ಬೇಕು ಎಂದು ಬರೆದು ಕಳಿಸಿದೆ, ಆ ಪ್ರಶ್ನೆಯನ್ನು ಮರುದಿನ ಇಡೀ ತರಗತಿಗೂ ಬಿಡಿಸಿ ಹೇಳಿದೆ.